ಅಪ್ಪನ ಮೀಸೆಗೆ ಐದು ನಿಮಿಷದ ಬಣ್ಣ

ನಮ್ಮ ಅಪ್ಪನಿಗೆ 71 ವರ್ಷ. ಮೀಸೆಗೆ ಕಡುಗಪ್ಪು ಬಣ್ಣ ಹಚ್ಚಿಕೊಂಡಾಗಲೆಲ್ಲ ನನ್ನ ಕಿರಿಮಗಳು, "ತಾತ, ಇದು ನಾಟಕದ ಮೀಸೆ, ತೆಗೆದುಬಿಡು" ಎಂದು ಹತ್ತಿರ ಹೋಗುತ್ತಿರಲಿಲ್ಲ. ಪೂರ್ತಿ ಬಿಳಿಯ ಮೀಸೆ ಅಪ್ಪನಿಗೆ ಬೇಡ, ಪೂರ್ತಿ ಕರಿಯದು ಮೊಮ್ಮಗಳಿಗೆ ಬೇಡ. ಇಬ್ಬರಿಗೂ ಒಪ್ಪುವ ದಾರಿ ಬೇಕಿತ್ತು.

ಮಗು ಹೇಳಿದ್ದರಲ್ಲಿ ನಿಜವಿದೆ. ಹುಟ್ಟುಗಪ್ಪು ಮೀಸೆಯಲ್ಲೂ ಎಲ್ಲ ಕೂದಲು ಒಂದೇ ಬಣ್ಣವಿರುವುದಿಲ್ಲ. ಕೆಲವು ಕಪ್ಪು, ಕೆಲವು ಕಂದು. ಬಣ್ಣ ಹಚ್ಚಿದಾಗ ಎಲ್ಲವೂ ಒಂದೇ ಸಮ ಕಪ್ಪಾಗಿ, ಕೆಳಗಿನ ಚರ್ಮಕ್ಕೂ ಕಲೆ ಹತ್ತುತ್ತದೆ. ಅದಕ್ಕೇ ಮಸಿ ಬಳಿದಂತೆ ಕಾಣುವುದು.

ಈಗ ಅಪ್ಪ ಕಪ್ಪಿನ ಬದಲು ಗಾಢ ಕಂದು ಬಣ್ಣ ತರುತ್ತಾರೆ. ಹೊಸ ಪೊಟ್ಟಣ ತಂದರೆ ಮೊದಲು ಚೂರೇ ಚೂರು ಕಲಸಿ ಕಿವಿಯ ಹಿಂದೆ ಹಚ್ಚಿ 48 ಗಂಟೆ ಕಾಯುತ್ತಾರೆ. ಬಹಳಷ್ಟು ಬಣ್ಣಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಒಗ್ಗುವುದಿಲ್ಲ. ತುರಿಕೆ, ಕೆಂಪು, ಊತ ಬರುತ್ತದೆ. ಹಾಗಾದರೆ ಆ ಬಣ್ಣ ಮುಖಕ್ಕೆ ಸಲ್ಲದು. ‘ಕಪ್ಪು ಮೆಹಂದಿ’ ಎಂದು ಮಾರುವುದರಲ್ಲೂ ಇದು ಇರಬಹುದು. ಬರೀ ಮದರಂಗಿ ಸೊಪ್ಪಿನ ಪುಡಿಯಾದರೆ ಬಿಳಿ ಕೂದಲು ಕಿತ್ತಳೆಗೆಂಪಾಗುತ್ತದೆ, ಕಪ್ಪಾಗದು.

ಹಚ್ಚುವ ದಿನ ಮೀಸೆಯ ಸುತ್ತಲಿನ ಚರ್ಮಕ್ಕೆ, ತುಟಿಯಂಚಿಗೆ ತೆಳುವಾಗಿ ಕೊಬ್ಬರಿ ಎಣ್ಣೆ ಸವರುತ್ತಾರೆ. ಕೂದಲಿಗೆ ಎಣ್ಣೆ ತಾಗಬಾರದು, ತಾಗಿದರೆ ಬಣ್ಣ ಸರಿಯಾಗಿ ಹಿಡಿಯದು. ಪೊಟ್ಟಣದ ಮೇಲೆ ಹೇಳಿದ ಅಳತೆಯಲ್ಲಿ ಕಲಸಿದ ಬಣ್ಣದಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನ ತುದಿ ಅದ್ದಿ, ಹೆಚ್ಚಿನದನ್ನು ಕಾಗದಕ್ಕೆ ಒರೆಸಿಬಿಡುತ್ತಾರೆ. ಆಮೇಲೆ ಬ್ರಷ್ಷನ್ನು ಒತ್ತದೆ, ಮೀಸೆಯ ಮೇಲ್ಮೈಯಲ್ಲಿ ತೇಲಿಸಿದಂತೆ ನಾಲ್ಕೈದು ಸಲ ಎಳೆಯುತ್ತಾರೆ. ನಡುಭಾಗಕ್ಕೆ ತುಸು ಹೆಚ್ಚು. ಎರಡು ತುದಿಗಳನ್ನು ಬಿಳಿಯಾಗಿಯೇ ಬಿಡುತ್ತಾರೆ.

ಮೂರು ನಿಮಿಷಕ್ಕೆ ಒದ್ದೆ ಹತ್ತಿಯಿಂದ ಒಂದು ಕಡೆ ಚೂರು ಒರೆಸಿ ಕನ್ನಡಿ ನೋಡುತ್ತಾರೆ. ಒದ್ದೆ ಕೂದಲು ಒಣಗಿದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ ಎಂಬುದು ಅವರಿಗೆ ನೆನಪಿರುತ್ತದೆ. ಅವರ ಮೀಸೆಗೆ ಐದು ನಿಮಿಷ ಸಾಕು; ತಕ್ಷಣ ತೊಳೆದುಬಿಡುತ್ತಾರೆ. ಬಣ್ಣ ಕಡಿಮೆಯಾದರೆ ಇನ್ನೊಂದು ದಿನ ಸ್ವಲ್ಪ ಹಚ್ಚಬಹುದು. ಹೆಚ್ಚಾದರೆ ಮಾತ್ರ ಕೂದಲು ಬೆಳೆದು ಕತ್ತರಿಸುವವರೆಗೆ ಕಾಯಬೇಕು.

ಇದರಲ್ಲಿ ಇನ್ನೊಂದು ಅನುಕೂಲವಿದೆ. ಮೀಸೆ ವಾರಕ್ಕೆ ಎರಡು ಮಿಲಿಮೀಟರಿನಷ್ಟು ಬೆಳೆಯುತ್ತದೆ. ಪೂರ್ತಿ ಕಪ್ಪು ಮಾಡಿದ್ದರೆ ವಾರದಲ್ಲೇ ಬುಡದಲ್ಲಿ ಬಿಳಿ ಗೆರೆ ಎದ್ದು ಕಾಣುತ್ತಿತ್ತು. ಕರಿ ಬಿಳಿ ಬೆರೆತಿರುವಾಗ ಹೊಸ ಬಿಳಿ ಹಳೆಯ ಬಿಳಿಯೊಳಗೆ ಸೇರಿಹೋಗುತ್ತದೆ. ಮೊನ್ನೆ ಹುಬ್ಬಿಗೂ ಹಚ್ಚೋಣವೇ ಎಂದರು ಅಪ್ಪ. ಕಣ್ಣಿನ ಹತ್ತಿರ ಈ ಬಣ್ಣ ಕೂಡದು ಎಂದು ಪೊಟ್ಟಣದ ಮೇಲಿದ್ದುದನ್ನು ಓದಿ ಹೇಳಿದವಳು ಮೊಮ್ಮಗಳ ಅಕ್ಕ. ಹುಬ್ಬು ಬೆಳ್ಳಗೇ ಉಳಿದಿದೆ.