ಒಂದು ಹೆಸರಿನ ತಪ್ಪು, ಮೂರು ಮೇಲ್

ನಮ್ಮ ಪಕ್ಕದ ಮನೆ ಹುಡುಗಿ ಡಿಗ್ರಿ ಮುಗಿಸಿದ್ದಾಳೆ. ಬಿ.ಇಡಿ.ಗೆ ಅರ್ಜಿ ಹಾಕಬೇಕು ಅನ್ನುವಾಗ ಅಂಕಪಟ್ಟಿ ನೋಡಿದರೆ ಅಪ್ಪನ ಹೆಸರು ತಪ್ಪು. ಕೊನೆಯಲ್ಲಿ ‘ಪ್ಪ’ ಇರಬೇಕಾದ ಕಡೆ ‘ಯ್ಯ’ ಆಗಿತ್ತು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಸರಿ ಇತ್ತು. ಒಂದು ಅಕ್ಷರ ಅಂತ ಬಿಡುವ ಹಾಗಿಲ್ಲ. ನಮ್ಮ ಕಡೆ ಈ ಅಕ್ಷರದ ಮೇಲೆ ಜಾತಿಯನ್ನೂ ಲೆಕ್ಕ ಹಾಕುತ್ತಾರೆ. ನಾಳೆ ಜಾತಿ ಪ್ರಮಾಣಪತ್ರಕ್ಕೂ ಅಂಕಪಟ್ಟಿಗೂ ತಾಳೆ ಆಗದಿದ್ದರೆ ಸೀಟಿಗೇ ತೊಂದರೆ.

ಚಿಂಚೋಳಿಯಿಂದ ಕಲಬುರಗಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಅದಕ್ಕೇ ಮೊದಲು ಮೇಲ್ ಮಾಡೋಣ ಅಂತ ಫೋನ್ ಹಿಡಿದುಕೊಂಡು ಬಂದಳು. “ಅಣ್ಣಾ, ಇದೊಂದು ನೋಡ್ರಿ, ಸರಿ ಅದ ಏನ್?” ಅಂದಳು.

ಮೂರು ಮೇಲ್ ಬರೆದಿದ್ದಳು. ಒಂದು ವಿಶ್ವವಿದ್ಯಾಲಯದ ಕುಲಸಚಿವರಿಗೆ. ಇನ್ನೊಂದು ಹೈಸ್ಕೂಲಿನ ಮುಖ್ಯ ಗುರುಗಳಿಗೆ, ದಾಖಲಾತಿ ಪುಸ್ತಕ ನೋಡಿ ದೃಢೀಕರಣ ಪತ್ರ ಕೊಡಿ ಅಂತ. ಮೂರನೆಯದು ಹೈದರಾಬಾದಿನಲ್ಲಿರುವ ದೊಡ್ಡಪ್ಪನಿಗೆ. ನಾಲ್ಕನೇ ತರಗತಿವರೆಗೆ ಅವಳು ಅವರ ಮನೆಯಲ್ಲೇ ಇದ್ದು ಓದಿದವಳು. ಆಗಿನ ವರ್ಗಾವಣೆ ಪತ್ರ ಅವರ ಟ್ರಂಕಿನಲ್ಲಿ ಉಳಿದಿತ್ತು.

ಮೂರೂ ಮೇಲ್‌ಗಳ ತಲೆ ಒಂದೇ: “ಪ್ರೀತಿಯ ಸರ್.” ದೊಡ್ಡಪ್ಪನಿಗೆ ಮಾತ್ರ ‘ಸರ್’ ತೆಗೆದು “ಪ್ರೀತಿಯ ದೊಡ್ಡಪ್ಪ” ಅಂತ ಮಾಡಿದ್ದಳು. ಮೂರರ ಕೊನೆಗೂ “ನಿಮ್ಮ ನಂಬಿಕೆಯ” ಅಂತಿತ್ತು. ಇಂಗ್ಲಿಷಿನ ‘ಡಿಯರ್ ಸರ್’, ‘ಯುವರ್ಸ್ ಫೇತ್‌ಫುಲ್ಲಿ’ ಎರಡನ್ನೂ ಶಬ್ದಕ್ಕೆ ಶಬ್ದ ಇಟ್ಟು ಕನ್ನಡ ಮಾಡಿದ್ದಳು.

ನನಗೆ ನಗು ಬರಲಿಲ್ಲ. ಇದೇ ತಪ್ಪು ನಾನೂ ಮಾಡಿದವನು. ಡಿಪ್ಲೊಮಾ ಮುಗಿದ ಹೊಸದರಲ್ಲಿ ನಮ್ಮ ಗುರುಗಳೊಬ್ಬರಿಗೆ “ಪ್ರೀತಿಯ ಸರ್” ಅಂತ ಮೇಲ್ ಮಾಡಿದ್ದೆ. ಅವರ ಉತ್ತರದಲ್ಲಿ ಒಂದು ಸಾಲು ಹೀಗಿತ್ತು: “ಪ್ರೀತಿ ಇರಲಿ. ಆದರೆ ಆ ಶಬ್ದ ನಾನು ನಿನಗೆ ಬರೆಯಬೇಕಾದದ್ದು.”

ಆಗ ತಿಳಿದದ್ದು ಇಷ್ಟು. ಇಂಗ್ಲಿಷಿನ ‘ಡಿಯರ್’ ಪತ್ರದ ತಲೆಯಲ್ಲಿ ಬರೀ ಒಂದು ಪದ್ಧತಿ. ಬ್ಯಾಂಕಿನವರು ಸಾಲದ ನೋಟಿಸಿಗೂ ಅದನ್ನೇ ಹಾಕುತ್ತಾರೆ. ಕನ್ನಡದ ‘ಪ್ರೀತಿಯ’ ಹಾಗಲ್ಲ. ಅದು ದೊಡ್ಡವರಿಂದ ಸಣ್ಣವರಿಗೆ, ಇಲ್ಲವೇ ಸರಿಸಮಾನರ ನಡುವೆ ಹೋಗುತ್ತದೆ. ‘ಆಶೀರ್ವಾದಗಳು’, ‘ಚಿರಂಜೀವಿ’ ಕೂಡ ಹಾಗೆಯೇ ಮೇಲಿನಿಂದ ಕೆಳಗೆ ಇಳಿಯುವ ಮಾತು. ‘ನಮಸ್ಕಾರ’, ‘ವಂದನೆ’, ‘ಶರಣು’ ಕೆಳಗಿನಿಂದ ಮೇಲಕ್ಕೂ ಹೋಗುತ್ತವೆ, ಅಡ್ಡಕ್ಕೂ ಹೋಗುತ್ತವೆ. ಕನ್ನಡದಲ್ಲಿ ಮೇಲ್ ಬರೆಯುವಾಗ ಮೊದಲು ನೋಡಬೇಕಾದದ್ದು ಮಾತು ಯಾವ ಕಡೆಗೆ ಹೋಗುತ್ತಿದೆ ಅನ್ನುವುದನ್ನು.

ಕುಲಸಚಿವರ ಮೇಲ್‌ನಿಂದ ಶುರು ಮಾಡಿದೆವು. “ಅಣ್ಣಾ, ಇಂಗ್ಲಿಷ್‌ದಾಗ ಬರದ್ರ ಜಲ್ದಿ ನೋಡ್ತಾರೇನು?” ಅಂತ ಕೇಳಿದಳು. 1963ರ ರಾಜಭಾಷಾ ಅಧಿನಿಯಮದಿಂದ ಕರ್ನಾಟಕದ ಆಡಳಿತ ಭಾಷೆ ಕನ್ನಡ. ತಹಶೀಲ್ದಾರರಿಗೆ, ತಾಲ್ಲೂಕು ಪಂಚಾಯಿತಿಗೆ, ಶಿಕ್ಷಣ ಇಲಾಖೆಗೆ ಕನ್ನಡದಲ್ಲಿ ಬರೆಯಲು ಹಿಂಜರಿಯಬೇಕಿಲ್ಲ. ನಮ್ಮ ರಾಜ್ಯದ ವಿಶ್ವವಿದ್ಯಾಲಯದಲ್ಲೂ ಕನ್ನಡ ಓದುವವರೇ ಕೂತಿದ್ದಾರೆ. ಹೊರರಾಜ್ಯದ ಕಾಲೇಜು, ಬ್ಯಾಂಕಿನ ಮುಖ್ಯ ಕಚೇರಿ ಇಂಥ ಕಡೆಗೆ ಇಂಗ್ಲಿಷ್ ಇರಲಿ.

ಅಧಿಕಾರಿಗೆ ಬರೆಯುವಾಗ ಹೆಸರಿಗಲ್ಲ, ಹುದ್ದೆಗೆ ಬರೆಯಬೇಕು. ಅಧಿಕಾರಿ ವರ್ಗ ಆಗಿರಬಹುದು. ಹೊಸಬರು ಹೆಣ್ಣೋ ಗಂಡೋ ನಮಗೆ ಗೊತ್ತಿರುವುದಿಲ್ಲ. ಕನ್ನಡದ ‘ಮಾನ್ಯರೇ’ ಇಲ್ಲಿ ಬಹಳ ಅನುಕೂಲ. ಅದರಲ್ಲಿ ಸರ್ ಇಲ್ಲ, ಮೇಡಂ ಇಲ್ಲ, ಇಬ್ಬರಿಗೂ ಒಪ್ಪುತ್ತದೆ. ತಿದ್ದಿದ ಮೇಲೆ ಅವಳ ಮೇಲ್ ಹೀಗಾಯಿತು:

ವಿಷಯ: ಅಂಕಪಟ್ಟಿಯಲ್ಲಿ ತಂದೆಯ ಹೆಸರು ತಿದ್ದುಪಡಿ ಮಾಡಿಕೊಡುವ ಬಗ್ಗೆ (ಅದರ ಪಕ್ಕದಲ್ಲೇ ನೋಂದಣಿ ಸಂಖ್ಯೆ)

ಕುಲಸಚಿವರು (ಮೌಲ್ಯಮಾಪನ) ಇವರಿಗೆ,

ಮಾನ್ಯರೇ,

ನನ್ನ ಅಂಕಪಟ್ಟಿಯಲ್ಲಿ ತಂದೆಯ ಹೆಸರು ತಪ್ಪಾಗಿ ಮುದ್ರಣವಾಗಿದೆ. ಸರಿಯಾದ ಹೆಸರಿರುವ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಲಗತ್ತಿಸಿದ್ದೇನೆ. ದಯವಿಟ್ಟು ತಿದ್ದುಪಡಿ ಮಾಡಿಕೊಡಬೇಕೆಂದು ಕೋರುತ್ತೇನೆ. ಬೇರೆ ದಾಖಲೆ ಬೇಕಿದ್ದಲ್ಲಿ ತಿಳಿಸಬೇಕೆಂದು ವಿನಂತಿ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,

ಕೆಳಗೆ ಅವಳ ಪೂರ್ತಿ ಹೆಸರು, ಕಾಲೇಜು, ಫೋನ್ ನಂಬರ್. ಕಾಗದದ ಅರ್ಜಿಯಲ್ಲಿ ಬರೆಯುವ ‘ಇಂದ’ ಮತ್ತು ತಾರೀಖು ಬಿಟ್ಟೆವು, ಮೇಲ್‌ನಲ್ಲಿ ಅವು ತಾವೇ ಬರುತ್ತವೆ. ಆದರೆ ‘ಇವರಿಗೆ’ ಉಳಿಸಿದೆವು. ಕಚೇರಿಯ ಮೇಲ್ ಪೆಟ್ಟಿಗೆ ತೆರೆಯುವುದು ಬಹಳ ಸಲ ಅಧಿಕಾರಿಯಲ್ಲ, ವಿಷಯ ನಿರ್ವಾಹಕರು. ಈ ಮೇಲ್ ಯಾರ ಮೇಜಿಗೆ ಹೋಗಬೇಕು ಅಂತ ಅವರಿಗೆ ಗೊತ್ತಾಗಬೇಕು.

ಅವಳ ಮೊದಲ ಕರಡಿನಲ್ಲಿ ಇನ್ನೊಂದು ತೊಡಕಿತ್ತು. ತಲೆಯಲ್ಲಿ ಸರ್, ಒಳಗೆ “ಕೂಡಲೇ ಸರಿ ಮಾಡಿ ಕಳಿಸಿ” ಅಂತ. ಮಾತಾಡುವಾಗ ನಾವು ‘ರೀ’ ಹಚ್ಚುತ್ತೇವೆ, “ಕಳಸ್ರೀ” ಅಂದರೆ ಗೌರವ ಬಂತು. ಬರೆಯುವಾಗ ಆ ‘ರೀ’ ಕಳಚಿ ಬೀಳುತ್ತದೆ, ಉಳಿದದ್ದು ಹುಕುಂ ಆಗಿ ಕಾಣುತ್ತದೆ. ಆ ‘ರೀ’ಯ ಕೆಲಸವನ್ನು ಬರಹದಲ್ಲಿ ‘ಮಾಡಿಕೊಡಬೇಕೆಂದು ಕೋರುತ್ತೇನೆ’ ಮಾಡುತ್ತದೆ. ‘ತಾವು’ ಅಂತ ಶುರು ಮಾಡಿದರೆ ಕೊನೆವರೆಗೂ ‘ತಾವು’, ‘ತಮ್ಮ’ ಇರಬೇಕು. ನಡುವೆ ‘ನೀವು’ ಬಂದರೆ ಬೇರೆಯವರ ಪತ್ರ ನೋಡಿ ಬರೆದಂತೆ ಕಾಣುತ್ತದೆ.

ಅತಿ ಆದರೂ ಕೆಟ್ಟದ್ದೇ. ಹಳೆ ಅರ್ಜಿಗಳಲ್ಲಿ ‘ಮಹಾಸ್ವಾಮಿ’, ‘ಪಾದಾರವಿಂದಗಳಲ್ಲಿ’ ಅಂತೆಲ್ಲ ಬರೆಯುತ್ತಿದ್ದರು. ಈಗ ಅಧಿಕಾರಿಗೆ ‘ಮಾನ್ಯ’ ಸಾಕು, ಮಂತ್ರಿಗೆ ‘ಸನ್ಮಾನ್ಯ’ ಬರೆಯುವ ರೂಢಿ ಇದೆ. ದೇಶದೊಳಗಿನ ಬಳಕೆಯಲ್ಲಿ ರಾಷ್ಟ್ರಪತಿಗಳಿಗೆ ‘ಹಿಸ್ ಎಕ್ಸಲೆನ್ಸಿ’ ಅನ್ನುವುದನ್ನು ಪ್ರಣಬ್ ಮುಖರ್ಜಿ ಅವರು 2012ರಲ್ಲೇ ಬಿಡಿಸಿದರು. ಅಲ್ಲೇ ಬಿಟ್ಟಿರುವಾಗ ನಾವು ಗುಮಾಸ್ತರ ಮೇಜಿಗೆ ಪಾದಾರವಿಂದ ಕಳಿಸುವುದು ಬೇಡ.

ಇದೇ ಮೇಲ್ ಇಂಗ್ಲಿಷಿನಲ್ಲಿ ಹೋಗಬೇಕಾದರೆ ತಲೆಗೂ ಕಾಲಿಗೂ ಜೋಡಿ ಇರುತ್ತದೆ. ಹೆಸರು ಗೊತ್ತಿಲ್ಲದಿದ್ದರೆ ‘ಡಿಯರ್ ಸರ್ ಆರ್ ಮೇಡಂ’, ಕೊನೆಗೆ ‘ಯುವರ್ಸ್ ಫೇತ್‌ಫುಲ್ಲಿ’. ಹೆಸರು ಹಿಡಿದು ಬರೆದರೆ ಕೊನೆಗೆ ‘ಯುವರ್ಸ್ ಸಿನ್ಸಿಯರ್ಲಿ’. ‘ಯುವರ್ಸ್’ ಬರೆಯುವಾಗ ಎಸ್ ಅಕ್ಷರಕ್ಕೆ ಮೊದಲು ಮೇಲೊಂದು ಕೊಂಡಿ ಹಾಕುವ ಚಾಳಿ ನಮ್ಮಲ್ಲಿ ಬಹಳ, ಅದು ತಪ್ಪು. ‘ರೆಸ್ಪೆಕ್ಟೆಡ್ ಸರ್’ ನಮ್ಮ ದೇಶದ ಇಂಗ್ಲಿಷ್. ಇಲ್ಲಿಯ ಗುರುಗಳಿಗೆ, ಅಧಿಕಾರಿಗಳಿಗೆ ಧಾರಾಳ ಬರೆಯಬಹುದು. ಹೊರದೇಶದವರಿಗೆ ಅದು ಹೊಸದಾಗಿ ಕೇಳಿಸಬಹುದು, ಆದರೆ ಬೇಸರ ಆಗುವಂಥದ್ದಲ್ಲ.

ಎರಡನೆಯದು ಮುಖ್ಯ ಗುರುಗಳದು. ಅವರೂ ಹುದ್ದೆಯಲ್ಲಿದ್ದಾರೆ, ಹಾಗಾದರೆ ‘ಮಾನ್ಯರೇ’ ಸಾಲದೇ? ತಪ್ಪಲ್ಲ, ಆದರೆ ಮೂರು ವರ್ಷ ಕಲಿಸಿದವರಿಗೆ ಅದು ತಣ್ಣಗಾಗುತ್ತದೆ. ಯಾರೋ ಅರ್ಜಿದಾರಳು ಅನ್ನಿಸುತ್ತದೆ. “ಪೂಜ್ಯ ಗುರುಗಳಿಗೆ ಶರಣು ಶರಣಾರ್ಥಿಗಳು” ಅಂತ ಹಾಕೋಣ ಅಂದೆ. ನಮ್ಮ ಕಲಬುರಗಿ ಸೀಮೆಯಲ್ಲಿ ಬಾಯಲ್ಲಿರುವ ಮಾತೇ ಅದು. ಅವಳು ತಡೆದಳು. “ನಮ್ ಹೆಡ್‌ಮಾಸ್ಟರ್ ಮುಸ್ಲಿಂ ಇದ್ದಾರಲ್ಲಣ್ಣಾ.” ಅವಳು ಹೇಳಿದ್ದು ಸರಿ. ಅವರು ಬೇಸರ ಮಾಡಿಕೊಳ್ಳುವವರಲ್ಲ, ಆದರೂ ಎಲ್ಲರಿಗೂ ಒಪ್ಪುವ ಮಾತು ಇರುವಾಗ ಅದನ್ನೇ ಇಡುವುದು ಒಳ್ಳೆಯದು. “ಗೌರವಾನ್ವಿತ ಗುರುಗಳಿಗೆ ನಮಸ್ಕಾರಗಳು” ಅಂತ ಮಾಡಿದೆವು. ಮೊದಲ ಸಾಲಿನಲ್ಲಿ ಯಾವ ವರ್ಷ ಹತ್ತನೇ ತರಗತಿ ಮುಗಿಸಿದ್ದು ಅಂತ ಬರೆಸಿದೆ, ಗುರುಗಳಿಗೆ ನೂರಾರು ಮಕ್ಕಳು. ಕೊನೆಗೆ “ಇಂತಿ ತಮ್ಮ ವಿದ್ಯಾರ್ಥಿನಿ.” ‘ವಿಶ್ವಾಸಿ’ ಬೇಡ. ಗುರುವಿನ ಮುಂದೆ ನಮಗಿರುವ ಗುರುತು ವಿದ್ಯಾರ್ಥಿ ಅನ್ನುವುದೇ.

ಮೂರನೆಯದಕ್ಕೆ ಬಂದಾಗ ಅವಳು ಸುಮ್ಮನಾದಳು. ಫೋನ್ ಮಾಡಿ ಕೇಳಬಹುದಲ್ಲ ಅಂದೆ. ಹೊಲ ಪಾಲಾದಾಗಿನಿಂದ ಅಪ್ಪನಿಗೂ ದೊಡ್ಡಪ್ಪನಿಗೂ ಮಾತಿಲ್ಲ ಅಂದಳು. ಮೇಲ್ ಹೋಗುವುದು ದೊಡ್ಡಪ್ಪನ ಮಗನ ಫೋನಿಗೆ. ಅವನು ಓದಿ ಹೇಳುತ್ತಾನೆ, ದೊಡ್ಡಪ್ಪ ಕೇಳುತ್ತಾರೆ.

ಅಂದರೆ ಮೊದಲ ಸಾಲು ಕಣ್ಣಿಗಿಂತ ಮೊದಲು ಕಿವಿಗೆ ಬೀಳುತ್ತದೆ. ಕಾಗದ ಬರೆಯುವ ಕಾಲದಲ್ಲಿ ತಂದೆಗೆ ‘ತೀರ್ಥರೂಪ’, ತಾಯಿಗೆ ‘ಮಾತೃಶ್ರೀ’ ಅಂತ ಬರೆಯುತ್ತಿದ್ದರು. ತಂದೆಯ ಸ್ಥಾನದಲ್ಲಿರುವವರಿಗೆ ‘ತೀರ್ಥರೂಪ ಸಮಾನರಾದ’ ಅಂತ. ಈಗಿನ ಹುಡುಗರಿಗೆ ಇದು ನಾಟಕದ ಮಾತು ಅನ್ನಿಸುತ್ತದೆ. ಆದರೆ ದೊಡ್ಡಪ್ಪನ ವಯಸ್ಸಿನವರು ಈ ಮಾತು ಬರೆದು, ಓದಿ ಬೆಳೆದವರು. ಅವರ ಕಿವಿಗೆ ಅದರ ಅರ್ಥ ಒಂದೇ: ನೀವು ನನಗೆ ಅಪ್ಪನ ಸಮ. ಜಗಳ ಆದ ಮನೆಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದು ಕಷ್ಟ, ಪತ್ರದ ತಲೆಯಲ್ಲಿ ಇಟ್ಟರೆ ಪದ್ಧತಿಯ ಮರೆಯಲ್ಲಿ ಹೇಳಿದಂತಾಗುತ್ತದೆ.

ಅವಳೇ ಬರೆದಳು:

ತೀರ್ಥರೂಪ ಸಮಾನರಾದ ದೊಡ್ಡಪ್ಪನವರಿಗೆ ನಿಮ್ಮ ಮಗಳು ಮಾಡುವ ಶರಣು ಶರಣಾರ್ಥಿಗಳು. ನಾವೆಲ್ಲ ಇಲ್ಲಿ ಕ್ಷೇಮ. ನೀವು, ದೊಡ್ಡವ್ವ ಆರಾಮ ಇದ್ದೀರಿ ಅಂತ ತಿಳಿದಿದ್ದೇನೆ.

ಇಲ್ಲಿ ‘ತಾವು’ ಹಾಕಲಿಲ್ಲ. ಮನೆಯವರಿಗೆ ‘ತಾವು’ ಅಂದರೆ ದೂರ ನಿಲ್ಲಿಸಿದಂತೆ. ಪತ್ರದ ವಿಷಯ ಕ್ಷೇಮ ಕೇಳಿದ ಮೇಲೆ ಬಂತು. ಕೊನೆಗೆ ‘ಧನ್ಯವಾದಗಳು’ ಅಂತಿತ್ತು, ಅದನ್ನೂ ತೆಗೆದಳು. “ಮನೀ ಮಂದಿಗಿ ಯಾರ್ ಥ್ಯಾಂಕ್ಸ್ ಹೇಳ್ತಾರಣ್ಣಾ” ಅಂತ. ಅದರ ಜಾಗದಲ್ಲಿ “ಇಂತಿ ನಿಮ್ಮ ಮಗಳು” ಅಂತ ಬಂತು. ದೊಡ್ಡಪ್ಪನ ಮನೆಯಲ್ಲಿ ಅವಳನ್ನು ಕರೆಯುತ್ತಿದ್ದ ಸಣ್ಣ ಹೆಸರು ಅದರ ಕೆಳಗೆ.

ಮುಖ್ಯ ಗುರುಗಳು ಅವತ್ತೇ ಸಂಜೆ ಫೋನ್ ಮಾಡಿ ಶಾಲೆಗೆ ಬಾ ಅಂದರು. ವಿಶ್ವವಿದ್ಯಾಲಯದಿಂದ ಒಂಬತ್ತು ದಿನಕ್ಕೆ ಉತ್ತರ ಬಂತು, ನಿಗದಿತ ಫಾರಂ ತುಂಬಿ ಶುಲ್ಕ ಕಟ್ಟಿ ಅಂತ. ‘ಮಾನ್ಯರೇ’ ಅಂದಿದ್ದಕ್ಕೆ ಶುಲ್ಕ ಬಿಡಲಿಲ್ಲ. ಕಡತ ಮುಂದಕ್ಕೆ ಹೋಗುವುದು ನೋಂದಣಿ ಸಂಖ್ಯೆಯಿಂದ, ಲಗತ್ತಿನಿಂದ. ಓದುವವರು ಮುಖ ಗಂಟು ಹಾಕಿಕೊಳ್ಳದ ಹಾಗೆ ನೋಡಿಕೊಂಡರೆ ತಲೆಸಾಲಿನ ಕೆಲಸ ಮುಗಿಯಿತು.

ಹೈದರಾಬಾದಿನಿಂದ ಮೇಲ್‌ಗೆ ಉತ್ತರ ಬರಲಿಲ್ಲ. ನಾಲ್ಕನೇ ದಿನ ಅವಳ ಅಪ್ಪನ ಫೋನ್ ಬಡಿಯಿತು. ಅಣ್ಣ ತಮ್ಮ ಏನು ಮಾತಾಡಿದರೋ ಗೊತ್ತಿಲ್ಲ, ಎರಡು ನಿಮಿಷವೂ ಆಗಿರಲಿಕ್ಕಿಲ್ಲ ಅಂದಳು. ವರ್ಗಾವಣೆ ಪತ್ರದ ಫೋಟೊ ರಾತ್ರಿ ಅವಳ ಮೇಲ್‌ಗೆ ಬಂತು. ಮೇಲೆ ಒಂದೇ ಸಾಲು, ದೊಡ್ಡಪ್ಪ ಹೇಳಿ ಬರೆಸಿದ್ದು: “ಚಿರಂಜೀವಿ ಮಗಳಿಗೆ ಆಶೀರ್ವಾದಗಳು.”