ನಡುವೆ ನಿಂತವರನ್ನು ಎಲ್ಲಿ ಕೂರಿಸಬೇಕು?

ಪುಣೆಯ ನಮ್ಮ ಸೊಸೈಟಿಯಲ್ಲಿ ಎರಡು ವಿಷಯಗಳಿಗೆ ಒಂದೇ ಸರಾಸರಿ ಬಂದಿತ್ತು: 3.25. ಒಂದು, ಬೀದಿನಾಯಿಗಳಿಗೆ ಕಾಂಪೌಂಡಿನ ಒಳಗೆ ಊಟ ಹಾಕುವ ಜಾಗ ಬೇಕು ಎಂಬುದು. ಇನ್ನೊಂದು, ಕ್ಲಬ್‌ಹೌಸಿನಲ್ಲಿ ಒಂದು ಪುಟ್ಟ ವಾಚನಾಲಯ ಬೇಕು ಎಂಬುದು. ಐದು ಮೆಟ್ಟಿಲಿನ ಉತ್ತರಗಳಿಗೆ 1ರಿಂದ 5ರವರೆಗೆ ಅಂಕ ಕೊಟ್ಟು, ಕೂಡಿ, ಭಾಗಿಸಿದ್ದರು. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಕಾರ್ಯದರ್ಶಿಗಳು ಲೆಕ್ಕದಲ್ಲಿ ತಪ್ಪುವವರಲ್ಲ. "ಎರಡರಲ್ಲೂ ಜನಕ್ಕೆ ಅಂಥ ಆಸಕ್ತಿಯೇನೂ ಇಲ್ಲ, ಎರಡನ್ನೂ ಮುಂದಿನ ವರ್ಷಕ್ಕೆ ಹಾಕೋಣ" ಎಂದರು. ಸಮೀಕ್ಷೆಯ ಅಂಕಿಗಳನ್ನು ನೋಡುವುದೇ ನನ್ನ ಹೊಟ್ಟೆಪಾಡಾದ್ದರಿಂದ ಉತ್ತರಗಳ ಹಾಳೆಯನ್ನು ಮನೆಗೆ ತಂದೆ. ಮುಂದೆ ಕೊಡುವ ಸಂಖ್ಯೆಗಳನ್ನು ನೆರೆಹೊರೆಯವರ ಗುಟ್ಟು ಉಳಿಯಲೆಂದು ನೂರು ಮನೆಗೆ ಹೊಂದುವಂತೆ ತಿದ್ದಿದ್ದೇನೆ. ಅವುಗಳ ಸ್ವಭಾವ ಮಾತ್ರ ಹಾಗೇ ಇದೆ.

ವಾಚನಾಲಯದ ವಿಷಯದಲ್ಲಿ 5 ಮನೆಯವರು ಖಂಡಿತ ಬೇಡ ಎಂದಿದ್ದರು, 10 ಮನೆ ಬೇಡ, 50 ಮನೆ ಎರಡೂ ಅಲ್ಲ, 25 ಬೇಕು, 10 ಖಂಡಿತ ಬೇಕು. ಇದು ನಿಜಕ್ಕೂ ಉಗುರುಬೆಚ್ಚಗಿನ ಅಭಿಪ್ರಾಯ. ನಾಯಿಗಳ ವಿಷಯದಲ್ಲಿ 30 ಮನೆ ಖಂಡಿತ ಬೇಡ, 10 ಬೇಡ, 5 ಎರಡೂ ಅಲ್ಲ, 15 ಬೇಕು, 40 ಖಂಡಿತ ಬೇಕು. ಇದು ಲಿಫ್ಟಿನಲ್ಲಿ ಎದುರಾದರೂ ಮಾತಾಡದವರ ಸಂಖ್ಯೆ. ಎರಡಕ್ಕೂ ಸರಾಸರಿ 3.25. ಒಂದರಲ್ಲಿ ಯಾರಿಗೂ ಅವಸರವಿಲ್ಲ. ಇನ್ನೊಂದನ್ನು ಒಂದು ವರ್ಷ ಮುಂದೆ ಹಾಕಿದರೆ ಜಗಳ ಪೊಲೀಸ್ ಠಾಣೆಗೆ ಹೋಗುತ್ತದೆ. ಸರಾಸರಿ ಈ ವ್ಯತ್ಯಾಸವನ್ನು ನುಂಗಿಬಿಟ್ಟಿತ್ತು.

ಈ ಐದು ಮೆಟ್ಟಿಲಿನ ಅಳತೆಗೆ ಲಿಕರ್ಟ್ ಮಾಪಕ ಎನ್ನುತ್ತಾರೆ. ಅಮೆರಿಕದ ರೆನ್ಸಿಸ್ ಲಿಕರ್ಟ್ 1932ರಲ್ಲಿ ಪ್ರಕಟಿಸಿದ ವಿಧಾನ ಇದು. ನಮ್ಮಲ್ಲಿ ಬಹಳಷ್ಟು ಜನ 'ಲೈಕರ್ಟ್' ಎನ್ನುತ್ತಾರೆ, ಆದರೆ ಅವರ ಹೆಸರಿನ ಸರಿಯಾದ ಉಚ್ಚಾರ ಲಿಕರ್ಟ್ ಎಂದೇ. ಇಂಥ ಉತ್ತರಗಳನ್ನು ಚಿತ್ರವಾಗಿ ತೋರಿಸಲು ನನಗೆ ಇಷ್ಟವಾದ ದಾರಿ, ನಡುವಿನ ಗೆರೆಯಿಂದ ಎರಡೂ ಬದಿಗೆ ಚಾಚುವ ಪಟ್ಟಿ. ಡೈವರ್ಜಿಂಗ್ ಸ್ಟ್ಯಾಕ್ಡ್ ಬಾರ್ ಚಾರ್ಟ್ ಎಂಬುದು ಅದರ ಇಂಗ್ಲಿಷ್ ಹೆಸರು. ರಿಚರ್ಡ್ ಹೈಬರ್ಗರ್ ಮತ್ತು ನಯೋಮಿ ರಾಬಿನ್ಸ್ ಎಂಬಿಬ್ಬರು ಇದರ ಬಗ್ಗೆ 2014ರಲ್ಲಿ ಒಂದು ದೀರ್ಘ ಪ್ರಬಂಧವನ್ನೇ ಬರೆದರು. ಪ್ರತಿ ಪ್ರಶ್ನೆಗೆ ಒಂದು ಅಡ್ಡ ಪಟ್ಟಿ. ಬೇಡ ಎಂದವರು ನಡುಗೆರೆಯ ಎಡಕ್ಕೆ, ಬೇಕು ಎಂದವರು ಬಲಕ್ಕೆ. ಎರಡೂ ಅಲ್ಲ ಎಂದವರು ಗೆರೆಯ ಮೇಲೆಯೇ, ಅರ್ಧ ಅತ್ತ, ಅರ್ಧ ಇತ್ತ.

ಚಿತ್ರ ಬರೆಯುವ ಮೊದಲು ಒಂದು ಮಾತು. ನಮ್ಮ ಸೊಸೈಟಿಯಲ್ಲಿ ವಿಜಯಪುರ, ಕಲಬುರಗಿ ಕಡೆಯ ಕೆಲವು ಮನೆಗಳಿವೆ. ಅಲ್ಲಿನ ಹಿರಿಯರಿಗಾಗಿ ಫಾರ್ಮನ್ನು ಕನ್ನಡದಲ್ಲೂ ಬರೆದುಕೊಡುವುದು ನನ್ನ ಪಾಲಿಗೆ ಬಂತು. ಆಗ ಮೊದಲ ಮೆಟ್ಟಿಲಿಗೆ 'ಪೂರ್ತಿ ಒಪ್ಪುವುದಿಲ್ಲ' ಎಂದು ಬರೆಯೋಣ ಎಂಬ ಸಲಹೆ ಬಂತು. ಬಾಯಿಬಿಟ್ಟು ಓದಿ ನೋಡಿ. 'ಸ್ವಲ್ಪವೂ ಒಪ್ಪುವುದಿಲ್ಲ' ಎಂದೂ ಆಗುತ್ತದೆ, 'ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ' ಎಂದೂ ಆಗುತ್ತದೆ. ಒಂದು ತೀರಾ ಎಡತುದಿ, ಇನ್ನೊಂದು ಸುಮಾರು ಬಲಕ್ಕೆ. ಅದಕ್ಕೇ ಎರಡೂ ತುದಿಗೆ 'ಖಂಡಿತ' ಎಂಬ ಪದವನ್ನು ಇಟ್ಟೆವು: ಖಂಡಿತ ಒಪ್ಪುವುದಿಲ್ಲ, ಒಪ್ಪುವುದಿಲ್ಲ, ಎರಡೂ ಅಲ್ಲ, ಒಪ್ಪುತ್ತೇನೆ, ಖಂಡಿತ ಒಪ್ಪುತ್ತೇನೆ. ಮೆಟ್ಟಿಲುಗಳ ಹೆಸರೇ ಅತ್ತಿತ್ತ ವಾಲಾಡಿದರೆ ಎಷ್ಟೇ ಚೆಂದದ ಚಾರ್ಟೂ ಅದನ್ನು ನೆಟ್ಟಗೆ ಮಾಡಲಾರದು.

ಈಗ ಕಂಪ್ಯೂಟರಿನ ಕಥೆ. ಉತ್ತರಗಳು ಪದಗಳಾಗಿ ಹಾಳೆಗೆ ಬರುತ್ತವೆ. ಎಣಿಸಲು ಪಿವೋಟ್ ಟೇಬಲ್ ಮಾಡಿದರೆ ಅದು ಆ ಪದಗಳನ್ನು ಅಕ್ಷರಕ್ರಮದಲ್ಲಿ ಜೋಡಿಸುತ್ತದೆ. ಹಾಗಾಗಿ ನಮ್ಮ ಕಂಬಸಾಲುಗಳು ಬಂದದ್ದು ಹೀಗೆ: ಎರಡೂ ಅಲ್ಲ, ಒಪ್ಪುತ್ತೇನೆ, ಒಪ್ಪುವುದಿಲ್ಲ, ಖಂಡಿತ ಒಪ್ಪುತ್ತೇನೆ, ಖಂಡಿತ ಒಪ್ಪುವುದಿಲ್ಲ. ಎಕಾರದ ನಂತರ ಒಕಾರ, ಆಮೇಲೆ ಖಕಾರ. ವರ್ಣಮಾಲೆಗೆ ಇದು ಸರಿ, ಅಭಿಪ್ರಾಯಕ್ಕೆ ಅಲ್ಲ. ಇದನ್ನು ಹಾಗೇ ಚಾರ್ಟಿಗೆ ಕೊಟ್ಟರೆ ಬೇಕು ಮತ್ತು ಬೇಡಗಳು ಒಂದರ ಪಕ್ಕ ಒಂದು ಹೆಣೆದುಕೊಂಡು ಜಮಖಾನದಂತೆ ಕಾಣುತ್ತವೆ. ಆದ್ದರಿಂದ ಮೊದಲ ಕೆಲಸ, ಕಂಬಸಾಲುಗಳನ್ನು ಕೈಯಾರೆ ಎಳೆದು ಅಭಿಪ್ರಾಯದ ಕ್ರಮಕ್ಕೆ ತರುವುದು: ಬಿ ಸಾಲಿನಲ್ಲಿ ಖಂಡಿತ ಬೇಡ, ಸಿ ಬೇಡ, ಡಿ ಎರಡೂ ಅಲ್ಲ, ಇ ಬೇಕು, ಎಫ್ ಖಂಡಿತ ಬೇಕು. ಅಂಕಿಗಳು ಶೇಕಡಾವಾರು ಇರಲಿ.

ಎಕ್ಸೆಲ್‌ನಂಥ ಹಾಳೆಗಳಲ್ಲಿ ಇಂಥ ಪಟ್ಟಿಯನ್ನು ಬರೆಯಲು ಒಂದು ಸರಳ ಉಪಾಯವಿದೆ. ಎಲ್ಲಕ್ಕಿಂತ ಮೊದಲು, ಎಡತುದಿಯಲ್ಲಿ, ಕಣ್ಣಿಗೆ ಕಾಣದ ಒಂದು ತುಂಡನ್ನು ಇಡಬೇಕು. ಪಟ್ಟಿಯನ್ನು ಬೇಕಾದಷ್ಟು ಬಲಕ್ಕೆ ತಳ್ಳುವುದಷ್ಟೇ ಅದರ ಕೆಲಸ. ಅದರ ಉದ್ದ ಹೀಗೆ:

```
=100-(B2+C2+D2/2)
```

ಅಂದರೆ ನೂರರಿಂದ ಎಲ್ಲ ಬೇಡಗಳನ್ನೂ ನಡುವಿನವರ ಅರ್ಧವನ್ನೂ ಕಳೆಯುವುದು. ನಾಯಿಗಳ ಸಾಲಿಗೆ 100ರಲ್ಲಿ 30, 10 ಮತ್ತು 2.5 ಹೋಗಿ 57.5 ಉಳಿಯುತ್ತದೆ. ವಾಚನಾಲಯಕ್ಕೆ 5, 10 ಮತ್ತು 25 ಹೋಗಿ 60. ಈ ಕಾಣದ ತುಂಡು ಮೊದಲು, ಆಮೇಲೆ ಐದು ಮೆಟ್ಟಿಲುಗಳು ಕ್ರಮವಾಗಿ. ಎಲ್ಲವನ್ನೂ ಸ್ಟ್ಯಾಕ್ಡ್ ಬಾರ್ ಮಾಡಿ, ಮೊದಲ ತುಂಡಿನ ಬಣ್ಣ ತೆಗೆದುಹಾಕಿ, ಅಕ್ಷವನ್ನು 0ಯಿಂದ 200ಕ್ಕೆ ನಿಲ್ಲಿಸಿದರೆ ಪ್ರತಿ ಸಾಲಿನ ನಡುವಿನ ತುಂಡಿನ ಮಧ್ಯಬಿಂದು ಸರಿಯಾಗಿ 100ರ ಮೇಲೆ ಬರುತ್ತದೆ. ಅಲ್ಲಿ ಒಂದು ನೆಟ್ಟ ಗೆರೆ ಎಳೆಯಿರಿ. ಅಕ್ಷದ ಮೇಲಿನ 0, 50, 100 ಎಂಬ ಅಂಕಿಗಳಿಗೆ ಈಗ ಅರ್ಥವಿಲ್ಲವಾದ್ದರಿಂದ ಅವನ್ನು ಅಳಿಸಿ, ಶೇಕಡಾವನ್ನು ತುಂಡುಗಳ ಒಳಗೇ ಬರೆಯಿರಿ.

ಕೆಲವರು ಬೇಡಗಳಿಗೆ ಮೈನಸ್ ಚಿಹ್ನೆ ಕೊಟ್ಟು ಎಡಕ್ಕೆ ಚಾಚಿಸುತ್ತಾರೆ. ಅದೂ ಆಗುತ್ತದೆ, ಆದರೆ ಅಲ್ಲೊಂದು ಗುಂಡಿ ಇದೆ. ಮೈನಸ್ ತುಂಡುಗಳು ಸೊನ್ನೆಯಿಂದ ಹೊರಗೆ ಪೇರುತ್ತಾ ಹೋಗುತ್ತವೆ. ಮೊದಲು ಕೊಟ್ಟದ್ದು ಗೆರೆಯ ಪಕ್ಕ, ಆಮೇಲಿನದು ಅದರಾಚೆ. 'ಖಂಡಿತ ಬೇಡ'ವನ್ನು ಮೊದಲು ಕೊಟ್ಟರೆ ಅದು ಗೆರೆಗೆ ಅಂಟಿಕೊಂಡು, ಮೆಲುದನಿಯ 'ಬೇಡ' ತುದಿಗೆ ಹೋಗುತ್ತದೆ. ಮೇಲಾಗಿ ನಡುವಿನವರನ್ನು ಎರಡು ತುಂಡು ಮಾಡಬೇಕಾದ್ದರಿಂದ ಬಣ್ಣಗಳ ವಿವರಣೆಯಲ್ಲಿ ಅವರ ಹೆಸರು ಎರಡು ಸಲ ಬರುತ್ತದೆ. ಯಾವ ದಾರಿಯಲ್ಲಿ ಮಾಡಿದರೂ ಪರೀಕ್ಷೆ ಒಂದೇ: ಎರಡೂ ಹೊರತುದಿಗಳಲ್ಲಿ ಗಾಢ ಬಣ್ಣ, ಒಳಕ್ಕೆ ಬರುತ್ತಾ ತಿಳಿ, ಗೆರೆಯ ಮೇಲೆ ಬೂದು. ಹಾಗೆ ಕಾಣದಿದ್ದರೆ ಕ್ರಮ ಎಲ್ಲೋ ತಪ್ಪಿದೆ. ಎರಡು ಬದಿಗೆ ಕಂದು ಮತ್ತು ನೀಲಿ ಹಾಕುತ್ತೇನೆ. ಕೆಂಪು-ಹಸಿರನ್ನು ಬೇರೆಬೇರೆಯಾಗಿ ಕಾಣಲಾರದವರು ಸಭೆಯಲ್ಲಿ ಒಬ್ಬರಾದರೂ ಇರಬಹುದು.

ಇಷ್ಟಾದ ಮೇಲೆ ಚಿತ್ರವನ್ನು ಓದುವ ಬಗ್ಗೆ ಹೇಳಬೇಕು, ಎಡವುವುದು ಹೆಚ್ಚಾಗಿ ಇಲ್ಲೇ. ನಾಯಿಗಳ ಪಟ್ಟಿಯ ಬಲತುದಿ ನಡುಗೆರೆಯಿಂದ 57.5 ದೂರದಲ್ಲಿದೆ. ವಾಚನಾಲಯದ್ದು 60 ದೂರದಲ್ಲಿ. ಬೇಗ ನೋಡಿದವರು ವಾಚನಾಲಯ ಬೇಕೆಂದವರೇ ಹೆಚ್ಚು ಎಂದುಕೊಳ್ಳುತ್ತಾರೆ. ನಿಜ ಏನು? ನಾಯಿಗಳ ಜಾಗ ಬೇಕೆಂದವರು 55, ವಾಚನಾಲಯ ಬೇಕೆಂದವರು 35 ಮಾತ್ರ. ಮಿಕ್ಕ 25 ಬಲಕ್ಕೆ ಚಾಚಿದ ಬೂದು ಬಣ್ಣ.

ಹಾಗಾದರೆ ಪಟ್ಟಿಯ ತುದಿ ಏನು ಹೇಳುತ್ತಿದೆ? ನಡುವಿನವರನ್ನು ಸರಿಯಾಗಿ ಅರ್ಧರ್ಧ ಹಂಚಿದ್ದರಿಂದ ಎಡ ಬಲಗಳ ಉದ್ದದ ವ್ಯತ್ಯಾಸದಲ್ಲಿ ಅವರು ಕಳೆದುಹೋಗುತ್ತಾರೆ. ಉಳಿಯುವುದು ಬೇಕು ಎಂದವರಿಂದ ಬೇಡ ಎಂದವರನ್ನು ಕಳೆದದ್ದು. ನಾಯಿಗಳಿಗೆ 55ರಲ್ಲಿ 40 ಹೋಗಿ 15. ವಾಚನಾಲಯಕ್ಕೆ 35ರಲ್ಲಿ 15 ಹೋಗಿ 20. ತಕ್ಕಡಿ ಯಾವ ಕಡೆಗೆ ಎಷ್ಟು ವಾಲಿದೆ ಎಂಬುದನ್ನು ಪಟ್ಟಿ ಸುಳ್ಳಿಲ್ಲದೆ ಹೇಳುತ್ತದೆ. ತಟ್ಟೆಯಲ್ಲಿ ಎಷ್ಟು ಭಾರವಿದೆ ಎಂದು ಕೇಳಿದರೆ ಬೂದು ತುಂಡನ್ನು ಬಿಟ್ಟು ಬಣ್ಣವನ್ನು ಮಾತ್ರ ನೋಡಬೇಕು. ಆದರೆ ಬಣ್ಣ ಒಂದೊಂದು ಸಾಲಿನಲ್ಲಿ ಒಂದೊಂದು ಕಡೆ ಶುರುವಾಗುವುದರಿಂದ ಕಣ್ಣಿಗೆ ಹೋಲಿಸುವುದು ಕಷ್ಟ. ಅದು ಈ ಚಿತ್ರದ ಮಿತಿ. ನಮ್ಮದೇ ಸಮೀಕ್ಷೆಯಲ್ಲಿ ಇನ್ನೆರಡು ಸಾಲುಗಳು, ಕಾವಲಿನವರ ಕೆಲಸ ಮತ್ತು ಮಾಳಿಗೆಯ ಸೋಲಾರ್, ಎಡಕ್ಕೆ 30, ಬಲಕ್ಕೆ 70 ಎಂದು ಒಂದಕ್ಕೊಂದು ಅಚ್ಚೊತ್ತಿದಂತೆ ನಿಂತಿದ್ದವು. ಮೊದಲನೆಯದರಲ್ಲಿ ಬೂದು 10, ಒಪ್ಪಿದವರು 65. ಎರಡನೆಯದರಲ್ಲಿ ಬೂದು 40, ಒಪ್ಪಿದವರು 50.

ಆದ್ದರಿಂದ ಕೇಳುವ ಪ್ರಶ್ನೆ ನೋಡಿ ಚಿತ್ರ. ಅಭಿಪ್ರಾಯ ಎತ್ತ ವಾಲಿದೆ, ಎಷ್ಟು ಒಡೆದಿದೆ ಎಂದು ತಿಳಿಯಬೇಕಾದರೆ ನಡುವಿನವರು ಗೆರೆಯ ಮೇಲಿರಲಿ. ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದ್ದಾರೆಯೇ ಎಂಬುದೇ ಪ್ರಶ್ನೆಯಾದರೆ ಬೂದು ತುಂಡನ್ನು ಕಿತ್ತು ಬಲಬದಿಯಲ್ಲಿ ಬೇರೆಯೇ ಕಂಬಸಾಲಾಗಿ ನಿಲ್ಲಿಸಿ. ಆಗ ಬೇಕು ಬೇಡಗಳೆರಡೂ ಒಂದೇ ಗೆರೆಯಿಂದ ಶುರುವಾಗಿ ನೇರ ಹೋಲಿಕೆ ಸಿಗುತ್ತದೆ. ಸಾಲುಗಳನ್ನು ಫಾರ್ಮಿನಲ್ಲಿದ್ದ ಕ್ರಮದಲ್ಲಿ ಬಿಡದೆ, ಗೆರೆಯ ಮೇಲಿನ ಚಿತ್ರದಲ್ಲಿ ವಾಲಿಕೆಯ ಪ್ರಕಾರ, ಬೇರ್ಪಡಿಸಿದ ಚಿತ್ರದಲ್ಲಿ ಬೇಕೆಂದವರ ಮೊತ್ತದ ಪ್ರಕಾರ ಜೋಡಿಸಿ. ಎಕ್ಸೆಲ್ ಹಾಳೆಯ ಮೊದಲ ಸಾಲನ್ನು ಅಡ್ಡ ಪಟ್ಟಿಯ ಚಿತ್ರದಲ್ಲಿ ಕೆಳಗಿಡುತ್ತದೆ. ಅಕ್ಷದ ಆಯ್ಕೆಗಳಲ್ಲಿ ಕ್ರಮವನ್ನು ತಿರುಗಿಸಬೇಕಾಗುತ್ತದೆ.

ಇನ್ನೊಂದನ್ನು ಬಿಡಲಾಗದು. ನಡುವೆ ಯಾರು ನಿಂತಿದ್ದಾರೆ? ಯೋಚಿಸಿ 'ಎರಡೂ ಅಲ್ಲ' ಎಂದವರು ಬೇರೆ, 'ಗೊತ್ತಿಲ್ಲ' ಎಂದವರು ಬೇರೆ, ಆ ಪ್ರಶ್ನೆಯನ್ನೇ ಖಾಲಿ ಬಿಟ್ಟವರು ಬೇರೆ. ಸೋಲಾರಿನ 40ರಲ್ಲಿ ಕೆಲವರಿಗೆ ಅದರ ಖರ್ಚೇ ತಿಳಿದಿರಲಿಲ್ಲ ಎಂದು ಆಮೇಲೆ ಮಾತಿಗೆ ಸಿಕ್ಕಾಗ ಗೊತ್ತಾಯಿತು, ಏಕೆಂದರೆ ಫಾರ್ಮಿನಲ್ಲಿ 'ಗೊತ್ತಿಲ್ಲ' ಎಂಬ ಮನೆಯೇ ಇರಲಿಲ್ಲ. ಅದಿದ್ದರೆ ಅವರನ್ನು ಐದು ಮೆಟ್ಟಿಲಿನಿಂದ ಹೊರಗಿಟ್ಟು, ಎಷ್ಟು ಮಂದಿ ಎಂದು ಸಾಲಿನ ಪಕ್ಕ ಬರೆಯಬಹುದಿತ್ತು. ತಿಳಿಯದವರನ್ನು ಗೆರೆಯ ಮೇಲೆ ಕೂರಿಸಿ ಅರ್ಧರ್ಧ ಹಂಚುವುದು ಅವರ ಬಾಯಲ್ಲಿ ಇಲ್ಲದ ಮಾತು ತುರುಕಿದ ಹಾಗೆ.

ಚಿತ್ರವನ್ನು ಸಭೆಯಲ್ಲಿ ಗೋಡೆಗೆ ಅಂಟಿಸಿದಾಗ ಕಾರ್ಯದರ್ಶಿಗಳು ಮೊದಲು ಬೆರಳಿಟ್ಟದ್ದು ನಾಯಿಗಳ ಸಾಲಿನ ಎರಡು ಗಾಢ ತುದಿಗಳ ಮೇಲೆ. "ಇದು ಸಣ್ಣ ವಿಷಯ ಅಲ್ಲ" ಎಂದರು ಮರಾಠಿಯಲ್ಲಿ. ವಾಚನಾಲಯ ಮುಂದಿನ ವರ್ಷಕ್ಕೆ ಹೋಯಿತು. ಸೋಲಾರಿಗೆ ಖರ್ಚಿನ ಅಂದಾಜು ತರಿಸಿ ಮತ್ತೆ ಕೇಳುವುದೆಂದಾಯಿತು. ನಾಯಿಗಳಿಗೆ ಊಟ ಹಾಕುವವರನ್ನೂ ಮಕ್ಕಳನ್ನು ಕೆಳಗೆ ಬಿಡಲು ಹೆದರುವವರನ್ನೂ ಮರುಭಾನುವಾರವೇ ಎದುರುಬದುರು ಕೂರಿಸಿದರು. ಆ ಮಾತುಕತೆ ಇನ್ನೂ ಮುಗಿದಿಲ್ಲ.