ಬಿಲ್ ಫೋಟೋ ಸರಣಿ: ₹118ರಲ್ಲಿ ಟ್ಯಾಕ್ಸ್ ಎಷ್ಟು ಅಂತ ಮಾವ ಕೇಳಿದ ದಿನ

1/6

ಮೊದಲನೇ ಫೋಟೋ ನೋಡಿದ್ರಾ? ನಮ್ಮ ಸೋದರಮಾವನ ಪ್ರಾವಿಷನ್ ಸ್ಟೋರ್‌ನ ಬಿಲ್ ಅದು. ಮೂರೇ ಸಾಲು, ಕೆಳಗೆ ಒಟ್ಟು ₹520. ಟ್ಯಾಕ್ಸ್ ಎಷ್ಟು ಅಂತ ಬೇರೆ ತೋರಿಸಿಲ್ಲ. ಹಳೇ ಬಿಲ್ಲಿಂಗ್ ಮೆಷಿನ್, ಎಲ್ಲಾ ಸೇರಿಸಿದ ರೇಟ್ ಮಾತ್ರ ಪ್ರಿಂಟ್ ಆಗುತ್ತೆ.

ಮಾವನ ಅಂಗಡಿ ಲೆಕ್ಕ ಬರೆಯೋದು ನಾನೇ. ಅವರು ದಿನಾ ರಾತ್ರಿ ಗಲ್ಲಾ ಮುಚ್ಚಿದ ಮೇಲೆ ಬಿಲ್‌ಗಳ ಫೋಟೋ ತೆಗೆದು ಕಳಿಸ್ತಾರೆ, ನಾನು ಎಕ್ಸೆಲ್‌ಗೆ ಹಾಕ್ತೀನಿ. ತಿಂಗಳ ಕೊನೆಗೆ ಒಂದು ದರದ ಮಾಲೆಲ್ಲಾ ಒಂದು ಕಡೆ ಕೂಡಿಸಿ ಜಿಎಸ್‌ಟಿಆರ್-1 ತುಂಬಬೇಕು. ಮೊದಲ ಸಲ ತುಂಬಿದಾಗ 18 ಪರ್ಸೆಂಟ್ ಮಾಲಿನ ಮಾರಾಟ ₹94,400 ಬಂದಿತ್ತು. ಪೋರ್ಟಲ್‌ನಲ್ಲಿ 'ಟ್ಯಾಕ್ಸಬಲ್ ವ್ಯಾಲ್ಯೂ' ಅನ್ನೋ ಜಾಗದಲ್ಲಿ ಅದನ್ನೇ ಹೊಡೆದೆ. ಪಕ್ಕದಲ್ಲಿ ಟ್ಯಾಕ್ಸ್ ತಾನಾಗೇ ಬಂತು: ಸಿಜಿಎಸ್‌ಟಿ 8,496, ಎಸ್‌ಜಿಎಸ್‌ಟಿ 8,496. ಒಟ್ಟು ₹16,992. ಕೆಲಸ ಮುಗೀತು ಅಂತ ಓಟಿಪಿ ಕೇಳೋಕೆ ಮಾವನಿಗೆ ಫೋನ್ ಮಾಡಿದೆ.

ಮಾವ ಓಟಿಪಿ ಕೊಡ್ಲಿಲ್ಲ. "ಲೋ ಪುಟ್ಟ, ಗಿರಾಕಿಗಳ ಹತ್ರ ನಾನು ತಗೊಂಡಿದ್ದೇ 94,400. ಅದರ ಮೇಲೆ ಇನ್ನೂ 16,992 ಟ್ಯಾಕ್ಸ್ ಅಂದ್ರೆ ನನ್ನ ಗಲ್ಲಾದಲ್ಲಿ 1,11,392 ಇರಬೇಕಿತ್ತಲ್ಲ? ಆ ದುಡ್ಡು ಎಲ್ಲಿದೆ?" ಅಂದ್ರು.

ಮಾವ ಓದಿರೋದು ಎಸ್ಸೆಸ್ಸೆಲ್ಸಿ. ನಾನು ಬಿಕಾಂ. ಆ ಕಡೆ ಅವರು ಕಾಯ್ತಿದ್ರು, ಈ ಕಡೆ ನನ್ನ ಬಾಯಲ್ಲಿ ಮಾತಿಲ್ಲ.

2/6

ಎಡವಿದ್ದು ಎಲ್ಲಿ ಅಂತ ಹೇಳ್ತೀನಿ, ನೀವೂ ಅಲ್ಲೇ ಎಡವಬಹುದು. ಕ್ಲಾಸಲ್ಲಿ ನಮಗೆ ಕೊಡೋ ಲೆಕ್ಕ ಯಾವಾಗಲೂ ಹೀಗಿರುತ್ತೆ: ಮಾಲಿನ ಬೆಲೆ 100, ಜಿಎಸ್‌ಟಿ 18%, ಒಟ್ಟು ಎಷ್ಟು? 118. ಕೆಳಗಿಂದ ಮೇಲೆ ಹತ್ತೋ ಲೆಕ್ಕ ಅದು. ಅಂಗಡಿಯಲ್ಲಿ ಕೈಗೆ ಸಿಗೋದು 118 ಮಾತ್ರ, ಅಲ್ಲಿಂದ ಇಳಿಯಬೇಕು. ಪ್ಯಾಕೆಟ್ ಮೇಲಿನ ಎಂಆರ್‌ಪಿ ಅಂದ್ರೇನೇ ಎಲ್ಲಾ ತೆರಿಗೆ ಸೇರಿದ ಬೆಲೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಅಂತ ಗಿರಾಕಿ ಹತ್ರ ಕೇಳೋ ಹಾಗಿಲ್ಲ.

118ಕ್ಕೆ 18% ತೆಗೆದ್ರೆ 21.24 ಬರುತ್ತೆ. ಅದು ತಪ್ಪು, ಯಾಕಂದ್ರೆ ಆ 118ರ ಒಳಗೆ ಆಗಲೇ 18 ರೂಪಾಯಿ ಟ್ಯಾಕ್ಸ್ ಕೂತಿದೆ. ನಾವು ಟ್ಯಾಕ್ಸಿಗೂ ಟ್ಯಾಕ್ಸ್ ಹಾಕಿದ ಹಾಗಾಯ್ತು. ಸರಿಯಾದ ದಾರಿ ಸಿಜಿಎಸ್‌ಟಿ ನಿಯಮಗಳ 35ನೇ ನಿಯಮದಲ್ಲೇ ಇದೆ:

```
ಟ್ಯಾಕ್ಸ್ = ಒಟ್ಟು ಮೊತ್ತ × ದರ ÷ (100 + ದರ)
```

ಮಾವನ ತಿಂಗಳ ಲೆಕ್ಕಕ್ಕೆ ಹಾಕಿ ನೋಡಿ. 94,400 × 18 ÷ 118 = 14,400. ಉಳಿದ 80,000 ಟ್ಯಾಕ್ಸಬಲ್ ವ್ಯಾಲ್ಯೂ. ನಾನು ತುಂಬಿದ್ದಕ್ಕೂ ಇದಕ್ಕೂ ವ್ಯತ್ಯಾಸ ₹2,592. ಗಿರಾಕಿಯಿಂದ ಬಾರದೇ ಇರೋ ಈ ದುಡ್ಡನ್ನ ಮಾವ ತಮ್ಮ ಲಾಭದಿಂದ ಕಟ್ಟಬೇಕಾಗ್ತಿತ್ತು. ಅದರ ಜೊತೆಗೆ ಮಾರಾಟವನ್ನೂ 14,400 ಜಾಸ್ತಿ ತೋರಿಸಿದ ಹಾಗಾಗ್ತಿತ್ತು.

ಮಾವ ಕೇಳಿದ ಪ್ರಶ್ನೆಯೇ ಇದಕ್ಕೆ ಒಳ್ಳೇ ಚೆಕ್. ಟ್ಯಾಕ್ಸಬಲ್ ವ್ಯಾಲ್ಯೂಗೆ ಟ್ಯಾಕ್ಸ್ ಕೂಡಿಸಿದ್ರೆ ಗಲ್ಲಾಕ್ಕೆ ಬಂದ ದುಡ್ಡೇ ಬರಬೇಕು. ಒಂದು ರೂಪಾಯಿ ಹೆಚ್ಚಿದ್ರೂ ಎಲ್ಲೋ ತಪ್ಪಿದೆ ಅಂತ ಅರ್ಥ.

3/6

ಈಗ ಆ ₹520ರ ಬಿಲ್. ಎರಡನೇ ಫೋಟೋದಲ್ಲಿ ದೊಡ್ಡದಾಗಿ ಕಾಣುತ್ತೆ.

ಡಿಟರ್ಜೆಂಟ್ ಪೌಡರ್ ಎರಡು ಪ್ಯಾಕೆಟ್. ಎಂಆರ್‌ಪಿ ಕಾಲಂನಲ್ಲಿ 125 ಇದೆ, ಆದ್ರೆ ರೇಟ್ ಕಾಲಂನಲ್ಲಿ 118. ಮಾವ ಏಳು ರೂಪಾಯಿ ಬಿಟ್ಟು ಕೊಟ್ಟಿದ್ದಾರೆ. ಯಾವುದನ್ನ ಹಿಡೀಬೇಕು? ಗಿರಾಕಿ ನಿಜವಾಗಿ ಕೊಟ್ಟಿದ್ದನ್ನ. ಎಂಆರ್‌ಪಿ ಅನ್ನೋದು ಇದಕ್ಕಿಂತ ಜಾಸ್ತಿ ತಗೋಬೇಡ ಅನ್ನೋ ಗೆರೆ ಅಷ್ಟೇ, ಜಿಎಸ್‌ಟಿ ಬೀಳೋದು ಮಾರಿದ ಬೆಲೆ ಮೇಲೆ. ಹಾಗಾಗಿ 118 × 2 = 236. ದರ 18%. 236 × 18 ÷ 118 = 36. ಟ್ಯಾಕ್ಸಬಲ್ 200.

ಎರಡನೇದು, ನಾಲ್ಕು ಸೋಪಿನ ಪ್ಯಾಕ್, ₹168. ಸ್ನಾನದ ಸೋಪಿಗೆ ಈಗ 5%. ಇಲ್ಲಿ 118 ಮರೆತುಬಿಡಿ, ಭಾಗಿಸಬೇಕಾಗಿರೋದು 105ರಿಂದ. 168 × 5 ÷ 105 = 8. ಟ್ಯಾಕ್ಸಬಲ್ 160.

ಮೂರನೇದು ಎರಡು ಕೆಜಿ ಬಿಡಿ ಅಕ್ಕಿ, ₹116. ಮೂಟೆಯಿಂದ ತೂಗಿ ಕೊಟ್ಟಿದ್ದು, ಅದಕ್ಕೆ ಜಿಎಸ್‌ಟಿ ಇಲ್ಲ. 116 ಹಾಗೇ ಇರುತ್ತೆ, ಆದ್ರೆ ಬೇರೆ ಕಾಲಂನಲ್ಲಿ.

ಕೂಡಿಸಿ: ಟ್ಯಾಕ್ಸಬಲ್ 360, ಟ್ಯಾಕ್ಸ್ 44, ತೆರಿಗೆ ಇಲ್ಲದ ಅಕ್ಕಿ 116. ಒಟ್ಟು 520. ಗಲ್ಲಾ ಸರಿಹೋಯ್ತು.

ಅವಸರದಲ್ಲಿ ಕೆಳಗಿನ 520ನ್ನೇ ಹಿಡಿದು 18 ÷ 118 ಮಾಡಿದ್ರೆ ಟ್ಯಾಕ್ಸ್ 79.32 ಬರುತ್ತೆ. ಸೂತ್ರ ಸರಿ, ಹಾಕಿದ ಜಾಗ ತಪ್ಪು. ಬೇಜಾರಿನ ವಿಷಯ ಏನಂದ್ರೆ ಗಲ್ಲಾ ಚೆಕ್ ಇದನ್ನ ಹಿಡಿಯಲ್ಲ, ಯಾಕಂದ್ರೆ ಇಲ್ಲೂ ಕೂಡಿದ್ರೆ 520 ಬಂದೇ ಬರುತ್ತೆ. ಅದಕ್ಕೇ ಬಿಲ್‌ನ ಒಟ್ಟು ಮೊತ್ತದಿಂದ ಯಾವತ್ತೂ ಹಿಂದಕ್ಕೆ ಹೋಗಬೇಡಿ. ಸಾಲು ಸಾಲಾಗಿ ಹೋಗಿ, ಇಲ್ಲಾಂದ್ರೆ ಒಂದೇ ದರದ ಸಾಲುಗಳನ್ನ ಗುಂಪು ಮಾಡಿ.

4/6

ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬೇರೆ ಮಾಡುವಾಗ ನಾನು ಇನ್ನೊಂದು ಸಲ ಬಿದ್ದೆ. ಸಿಜಿಎಸ್‌ಟಿ 9% ಅಲ್ವಾ, ಹಾಗಾದ್ರೆ 9 ÷ 109 ಅಂದ್ಕೊಂಡೆ. 236ಕ್ಕೆ ಅದು 19.49 ಕೊಡ್ತು. ಎರಡು ಸೇರಿದ್ರೆ 38.98. ಆದ್ರೆ ಟ್ಯಾಕ್ಸ್ 36 ಅಂತ ಆಗಲೇ ಗೊತ್ತಿತ್ತಲ್ಲ.

236ರ ಒಳಗೆ ಎರಡೂ ತೆರಿಗೆ ಒಟ್ಟಿಗೆ ಕೂತಿವೆ. ಹಾಗಾಗಿ ಮೇಲೆ 9 ಇದ್ರೂ ಕೆಳಗೆ 118ನೇ ಇರಬೇಕು. 236 × 9 ÷ 118 = 18. ಎರಡೂ ಸೇರಿ 36.

ಪೈಸೆ ಜಗಳ ಬೇರೆ ಇದೆ. ₹10ರ ಡಿಟರ್ಜೆಂಟ್ ಸ್ಯಾಶೆ ತಗೊಳ್ಳಿ. ಟ್ಯಾಕ್ಸಬಲ್ 8.4746, ಅಂದ್ರೆ 8.47. ಸಿಜಿಎಸ್‌ಟಿ 0.7627, ಅಂದ್ರೆ 0.76. ಎಸ್‌ಜಿಎಸ್‌ಟಿನೂ ಅಷ್ಟೇ. ಕೂಡಿದ್ರೆ 9.99. ಒಂದು ಪೈಸೆ ಎಲ್ಲಿ ಹೋಯ್ತು? ಎಲ್ಲೂ ಹೋಗಿಲ್ಲ, ಮೂರನ್ನೂ ಬೇರೆ ಬೇರೆ ರೌಂಡ್ ಮಾಡಿದ್ದಕ್ಕೆ ಹೀಗಾಯ್ತು. ನಾನೀಗ ಮೊದಲು ಎರಡು ಟ್ಯಾಕ್ಸ್ ತೆಗೀತೀನಿ, ಆಮೇಲೆ ಒಟ್ಟಿನಿಂದ ಕಳೀತೀನಿ: 10 − 1.52 = 8.48. ಟ್ಯಾಕ್ಸಬಲ್ ವ್ಯಾಲ್ಯೂನ ಬೇರೆಯಾಗಿ ಭಾಗಿಸೋಕೆ ಹೋಗಲ್ಲ. ತಿಂಗಳ ಲೆಕ್ಕಕ್ಕಾದ್ರೆ ಒಂದು ದರದ ಮಾರಾಟವೆಲ್ಲ ಕೂಡಿಸಿದ ಮೇಲೆ ಒಂದೇ ಸಲ ಭಾಗಿಸ್ತೀನಿ. ಆಗ ನೂರು ಸ್ಯಾಶೆಗೆ ನೂರು ಸಲ ಪೈಸೆ ಜಾರಲ್ಲ.

5/6

ಫೋಟೋ ನೋಡಿ ಲೆಕ್ಕ ಹಾಕುವಾಗ ಸೂತ್ರಕ್ಕಿಂತ ಮೊದಲು ಕಣ್ಣು ತಪ್ಪುತ್ತೆ. ಥರ್ಮಲ್ ಪೇಪರ್ ಬಿಸಿಲಿಗೆ ಮಾಸಿ ಹೋಗುತ್ತೆ, 168 ಇದ್ದಿದ್ದು 163 ಥರ ಕಾಣುತ್ತೆ. ಅದಕ್ಕೇ ಟ್ಯಾಕ್ಸ್ ಮುಟ್ಟೋ ಮೊದಲು ಸಾಲುಗಳನ್ನ ಕೂಡಿಸಿ ಬಿಲ್‌ನ ಒಟ್ಟಿಗೆ ತಾಳೆ ನೋಡ್ತೀನಿ. 163 ಅಂತ ಓದಿದ್ರೆ 515 ಬರುತ್ತೆ, ಬಿಲ್‌ನಲ್ಲಿ 520 ಇದೆ, ಅಲ್ಲೇ ಸಿಕ್ಕಿಬೀಳುತ್ತೆ.

ಆಮೇಲೆ ತಾರೀಖು ನೋಡಿ. 2025ರ ಸೆಪ್ಟೆಂಬರ್ 22ರಿಂದ ತುಂಬಾ ಮಾಲಿನ ದರ ಬದಲಾಗಿದೆ. ಸೋಪು 18ರಿಂದ 5ಕ್ಕೆ ಇಳಿದಿದ್ದು ಆಗಲೇ. ಅದೇ ₹168ರ ಸೋಪಿನ ಬಿಲ್ 2025ರ ಆಗಸ್ಟ್‌ದಾಗಿದ್ರೆ ಒಳಗಿರೋ ಟ್ಯಾಕ್ಸ್ 8 ಅಲ್ಲ, 25.63. ಡಿಟರ್ಜೆಂಟ್ ಮಾತ್ರ ಆಗಲೂ 18, ಈಗಲೂ 18. ಹಳೇ ಬಿಲ್ ಫೋಟೋಗೆ ಇವತ್ತಿನ ದರ ಹಾಕಿದ್ರೆ ಲೆಕ್ಕ ನೋಡೋಕೆ ಚೆನ್ನಾಗೇ ಇರುತ್ತೆ, ಸುಳ್ಳಾಗಿರುತ್ತೆ.

ಇನ್ನು ಬಿಲ್‌ನ ತಲೆ ಮೇಲೆ 'ಬಿಲ್ ಆಫ್ ಸಪ್ಲೈ' ಅಂತಿದ್ದು, ಕಾಂಪೋಸಿಷನ್ ತೆರಿಗೆದಾರ ಅಂತ ಬರೆದಿದ್ರೆ ಕ್ಯಾಲ್ಕುಲೇಟರ್ ಕೆಳಗಿಡಿ. ಅಂಥ ಅಂಗಡಿಯವರು ಗಿರಾಕಿ ಹತ್ರ ಜಿಎಸ್‌ಟಿ ವಸೂಲಿ ಮಾಡೋ ಹಾಗಿಲ್ಲ. ತಮ್ಮ ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತಾವೇ ಕಟ್ಟುತ್ತಾರೆ. ಆ ಬಿಲ್‌ನ 118ರಲ್ಲಿ ಹಿಂದಕ್ಕೆ ತೆಗೆಯೋಕೆ 18 ಇರೋದೇ ಇಲ್ಲ.

6/6

ಆ ರಾತ್ರಿ ಮಾವನಿಗೆ ವಾಪಸ್ ಫೋನ್ ಮಾಡಿದಾಗ ಹನ್ನೊಂದು ದಾಟಿತ್ತು. 94,400 ಅಳಿಸಿ 80,000 ಹಾಕಿದ್ದೆ. ಪೋರ್ಟಲ್ ತಾನಾಗೇ 7,200 ಮತ್ತು 7,200 ತೋರಿಸ್ತು. ಜೋರಾಗಿ ಓದಿ ಹೇಳಿದೆ: "ಮಾವ, ಎಂಬತ್ತು ಸಾವಿರಕ್ಕೆ ಹದಿನಾಲ್ಕು ಸಾವಿರದ ನಾನೂರು ಸೇರಿಸಿದ್ರೆ ತೊಂಬತ್ನಾಲ್ಕು ಸಾವಿರದ ನಾನೂರು."

"ಈಗ ಗಲ್ಲಾಕ್ಕೆ ಸರಿಹೋಯ್ತು ನೋಡು" ಅಂದು ಓಟಿಪಿ ಹೇಳಿದ್ರು. ಬೈಯಲಿಲ್ಲ. ಫೋನ್ ಇಡೋ ಮುಂಚೆ ಮಾತ್ರ, "ಹೋದ ತಿಂಗಳದ್ದು ನಿನ್ನ ಅತ್ತೆ ಕೈಯಲ್ಲಿ ಬರೆದಿದ್ಲು, ಅದನ್ನೂ ಒಂದ್ಸಲ ನೋಡಿಬಿಡು" ಅಂದ್ರು.

ನೋಡಿದೆ. ಅತ್ತೆ ಪುಸ್ತಕದ ಅಂಚಲ್ಲಿ ಪೆನ್ಸಿಲ್‌ನಲ್ಲಿ ಸಣ್ಣದಾಗಿ '÷118' ಅಂತ ಬರೆದಿಟ್ಟಿದ್ರು. ಮೂರನೇ ಫೋಟೋ ಅದೇ.

ನಿಮ್ಮ ಮನೇಲಿರೋ ಒಂದು ಬಿಲ್ ತಗೊಳ್ಳಿ, ಸಾಲು ಸಾಲಾಗಿ ಬಿಡಿಸಿ, ಕೊನೆಗೆ ಕೂಡಿಸಿ ನೋಡಿ. ಒಂದೆರಡು ಪೈಸೆ ಬಂದಿಲ್ಲ ಅಂದ್ರೆ 4/6 ಮತ್ತೆ ಓದಿ. ರೂಪಾಯಿಗಳೇ ಬಂದಿಲ್ಲ ಅಂದ್ರೆ ಕಾಮೆಂಟಲ್ಲಿ ಹಾಕಿ, ಒಟ್ಟಿಗೆ ಹುಡುಕೋಣ.

#ಬಿಲ್‌ಫೋಟೋಸರಣಿ #ಬಿಕಾಂಹುಡುಗರು #ಅಂಗಡಿಲೆಕ್ಕ